ಗಸಿಗೊಂದು ರೀತಿ, ಒಗರಿಗೊಂದು ರೀತಿ: ವೈನ್ ಡಿಕ್ಯಾಂಟ್ ಮಾಡುವ ಬಗ್ಗೆ

ಮನೆಗೊಂದು ಚಂದದ ಡಿಕ್ಯಾಂಟರ್, ಅಂದರೆ ವೈನ್ ಬಗ್ಗಿಸಿಡುವ ಗಾಜಿನ ಹೂಜಿ, ಬಂದ ಮೇಲೆ ಸಿಕ್ಕ ಸಿಕ್ಕ ಕೆಂಪು ವೈನನ್ನೆಲ್ಲ ಅದಕ್ಕೆ ಸುರಿದು, "ಸ್ವಲ್ಪ ಗಾಳಿ ಆಡಲಿ" ಅಂತ ಎರಡು ಗಂಟೆ ಟೇಬಲ್ ಮೇಲೆ ಇಡುವ ಚಾಳಿ ಈಚೆಗೆ ಹೆಚ್ಚಾಗಿದೆ. ನನ್ನ ತಕರಾರು ಇರುವುದು ಇಲ್ಲೇ. ಡಿಕ್ಯಾಂಟರ್ ಒಂದೇ ಆದರೂ ಅದರಲ್ಲಿ ನಡೆಯುವ ಕೆಲಸ ಎರಡು, ಅವು ಒಂದಕ್ಕೊಂದು ತದ್ವಿರುದ್ಧ. ಹಳೆಯ ಬಾಟಲಿಯಲ್ಲಿ ತಳದ ಗಸಿಯನ್ನು ಬಿಟ್ಟು ತಿಳಿಯನ್ನಷ್ಟೇ ಬಗ್ಗಿಸಿಕೊಳ್ಳಬೇಕು. ಅಲ್ಲಿ ಗಾಳಿ ಎಷ್ಟು ಕಡಿಮೆ ತಾಗಿದರೆ ಅಷ್ಟು ಒಳ್ಳೆಯದು. ಎಳೆಯ, ಒಗರು ವೈನಿಗೆ ಗಾಳಿಯೇ ಬೇಕು. ಅಲ್ಲಿ ನಾಜೂಕಾಗಿ ಸುರಿದರೆ ಕೆಲಸವೇ ಆಗುವುದಿಲ್ಲ. ಈ ಎರಡನ್ನು ಕಲಸಿಬಿಟ್ಟರೆ ಹಾಳಾಗುವುದು ಹೆಚ್ಚಾಗಿ ಹಳೆಯ ಬಾಟಲಿಯೇ, ಅಂದರೆ ದುಬಾರಿಯದ್ದೇ.

ಮೊದಲು ಗಸಿಯ ವಿಚಾರ. ದ್ರಾಕ್ಷಿಯ ಸಿಪ್ಪೆ ಮತ್ತು ಬೀಜದಿಂದ ಬಂದ, ವೈನಿಗೆ ಒಗರು ಕೊಡುವ ಟ್ಯಾನಿನ್, ಬಣ್ಣದ ಅಂಶಗಳ ಜೊತೆ ವರ್ಷಾನುಗಟ್ಟಲೆ ಕೂಡಿಕೊಳ್ಳುತ್ತಾ ದೊಡ್ಡದಾಗುತ್ತದೆ. ಕೊನೆಗೆ ವೈನಿನಲ್ಲಿ ಕರಗಿರಲಾರದೆ ಕೆಳಗೆ ಕೂರುತ್ತದೆ. ಜೊತೆಗೆ ಟಾರ್ಟಾರಿಕ್ ಆಮ್ಲದ ಲವಣದ ಹರಳುಗಳೂ ಸೇರುತ್ತವೆ. ಕುಡಿದರೆ ಅಪಾಯವೇನೂ ಇಲ್ಲ, ಆದರೆ ಕಹಿ, ನಾಲಿಗೆಗೆ ಮರಳು ಮರಳು. ಒಗರು ಹೆಚ್ಚಿರುವ ತಳಿಗಳಲ್ಲಿ, ಸೋಸದೆ ತುಂಬಿದ ಬಾಟಲಿಗಳಲ್ಲಿ, ಹತ್ತು ವರ್ಷ ದಾಟಿದ ಮೇಲೆ ಇದು ಕಾಣಿಸಿಕೊಳ್ಳುವುದು ಸಹಜ. ಫ್ರಾನ್ಸಿನ ಬೋರ್ಡೊ, ಇಟಲಿಯ ಬರೋಲೊ, ಪೋರ್ಚುಗಲ್ಲಿನ ವಿಂಟೇಜ್ ಪೋರ್ಟ್ ಇದಕ್ಕೆ ಹೆಸರಾದವು.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. 1996ರ ಮೆಡಾಕ್ ಬಾಟಲಿ, ಬೋರ್ಡೊದ ಎಡದಂಡೆಯದ್ದು. ಆ ವರ್ಷ ಅಲ್ಲಿ ಕ್ಯಾಬರ್ನೆ ಸೊವಿನ್ಯೋ ದ್ರಾಕ್ಷಿ ಚೆನ್ನಾಗಿ ಹಣ್ಣಾಗಿತ್ತು, ಆದ್ದರಿಂದ ಚೆನ್ನಾಗಿ ಇಟ್ಟ ಬಾಟಲಿಗಳಲ್ಲಿ ಇನ್ನೂ ಜೀವವಿದೆ, ಗಸಿಯೂ ಇದೆ. ಶನಿವಾರ ರಾತ್ರಿ ಊಟಕ್ಕೆ ಬೇಕು ಅಂದುಕೊಳ್ಳಿ. ಅಡ್ಡ ಮಲಗಿರುವ ಬಾಟಲಿಯನ್ನು ಗುರುವಾರ ಬೆಳಿಗ್ಗೆಯೇ ನಿಲ್ಲಿಸಬೇಕು. ನಿಧಾನಕ್ಕೆ ಎತ್ತಿ, ತಿರುಗಿಸದೆ, ಅಲ್ಲಾಡಿಸದೆ. ಪಕ್ಕದಲ್ಲಿ ಅಂಟಿದ್ದ ಗಸಿ ಜಾರಿ ತಳಕ್ಕೆ ಬಂದು ಕೂರಲು ಕನಿಷ್ಠ 24 ಗಂಟೆ ಬೇಕು, 48 ಆದರೆ ನೆಮ್ಮದಿ. ಪಿನೋ ನ್ವಾರ್ ತಳಿಯ ಹಳೆಯ ವೈನಿನ ಗಸಿ ಹೊಗೆಯಷ್ಟು ನಯ, ಅದಕ್ಕೆ ಇನ್ನೂ ಎರಡು ಮೂರು ದಿನ ಹೆಚ್ಚಾದರೂ ಕೊಡಬೇಕು. ವಿದೇಶದಿಂದ ಬರುವ ನೆಂಟರು ಡ್ಯೂಟಿ ಫ್ರೀ ಮಿತಿಯಾದ ಎರಡು ಲೀಟರಿನೊಳಗೆ ಒಂದು ಹಳೆಯ ಬಾಟಲಿ ತಂದುಕೊಟ್ಟರೆ ಅದೇ ರಾತ್ರಿ ತೆಗೆಯುವ ಆಸೆ ಎಲ್ಲರಿಗೂ ಆಗುತ್ತದೆ. ತೆಗೆಯಬೇಡಿ. ಸೂಟ್‌ಕೇಸಿನಲ್ಲಿ ಕುಲುಕಿ ಬಂದ ಗಸಿ ಪೂರ್ತಿ ಇಳಿಯಲು ಎರಡು ವಾರ ಬೇಕು.

ಶನಿವಾರ, ಬಡಿಸುವ ಹೊತ್ತಿಗೆ ಕತ್ತಿನ ಮೇಲಿನ ಹೊದಿಕೆಯನ್ನು ಪೂರ್ತಿ ತೆಗೆಯಿರಿ. ಬರೀ ಬಾಯಿ ಬಿಡಿಸಿದರೆ ಸಾಲದು, ಕತ್ತಿನೊಳಗೆ ಏನು ಹರಿಯುತ್ತಿದೆ ಅನ್ನುವುದು ಕಾಣಬೇಕು. ಇಷ್ಟು ಹಳೆಯ ಕಾರ್ಕ್‌ಗೆ ಮಾಮೂಲಿ ತಿರುಪು ಹಾಕಿದರೆ ನಡುವೆ ಮುರಿಯುತ್ತದೆ ಇಲ್ಲವೇ ಪುಡಿಯಾಗುತ್ತದೆ. ಎರಡು ತೆಳು ಪಟ್ಟಿಗಳಿರುವ ಆ-ಸೊ ಎಂಬ ಸಾಧನ ಇದಕ್ಕೆ ಒಳ್ಳೆಯದು: ಉದ್ದದ ಪಟ್ಟಿಯನ್ನು ಮೊದಲು ಕಾರ್ಕ್ ಮತ್ತು ಗಾಜಿನ ಸಂದಿಗೆ ತೂರಿಸಿ, ಆಮೇಲೆ ಇನ್ನೊಂದನ್ನು, ಅತ್ತಿತ್ತ ಓಲಾಡಿಸುತ್ತಾ ಕೆಳಗಿಳಿಸಿ, ತಿರುಗಿಸುತ್ತಾ ಮೇಲೆತ್ತಬೇಕು. ಕಾರ್ಕ್ ಸಡಿಲವಾಗಿದ್ದರೆ ಮಾತ್ರ ಇದು ಅದನ್ನು ಒಳಕ್ಕೆ ತಳ್ಳಿಬಿಡಬಹುದು, ನೋಡಿಕೊಂಡು ಒತ್ತಿ. ಬಾಯಿಯ ಒಳಹೊರಗೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಒಂದು ಗುಟುಕು ಮಾತ್ರ ಗ್ಲಾಸಿಗೆ ಬಗ್ಗಿಸಿ ಮೂಸಿ, ರುಚಿ ನೋಡಿ.

ಈಗ ಬೆಳಕು. ಹಿಂದೆ ಮೇಣದಬತ್ತಿ ಇಡುತ್ತಿದ್ದರು. ಫೋನಿನ ಟಾರ್ಚ್ ಅದಕ್ಕಿಂತ ಚೆನ್ನ. ಫೋನನ್ನು ಟಾರ್ಚ್ ಮೇಲ್ಮುಖವಾಗಿ ಟೇಬಲ್ ಮೇಲೆ ಮಲಗಿಸಿ. ಬಾಟಲಿಯ ಹೆಗಲು, ಅಂದರೆ ಮೈ ಮುಗಿದು ಕತ್ತು ಶುರುವಾಗುವ ಜಾಗ, ಆ ಬೆಳಕಿನ ಮೇಲೆ ಬರುವ ಹಾಗೆ ಹಿಡಿದು, ಡಿಕ್ಯಾಂಟರಿನ ಗೋಡೆಗುಂಟ ಸಣ್ಣ ಧಾರೆಯಲ್ಲಿ ಬಗ್ಗಿಸಿ. ಶುರು ಮಾಡಿದ ಮೇಲೆ ನಡುವೆ ನಿಲ್ಲಿಸಕೂಡದು. ನಿಲ್ಲಿಸಿ ಬಾಟಲಿಯನ್ನು ನೆಟ್ಟಗೆ ಮಾಡಿದರೆ ಒಳಗಿನ ವೈನ್ ಹಿಂದಕ್ಕೆ ಉರುಳಿ ತಳದ ಗಸಿಯನ್ನೆಲ್ಲ ಎಬ್ಬಿಸುತ್ತದೆ, ಎರಡು ದಿನ ನಿಲ್ಲಿಸಿದ್ದು ನೀರಿನಲ್ಲಿ ಹೋಮ. ಮುಕ್ಕಾಲು ಭಾಗ ಸ್ವಚ್ಛವಾಗಿ ಹರಿಯುತ್ತದೆ. ಕೊನೆಕೊನೆಗೆ ಹೆಗಲಿನ ಹತ್ತಿರ ಮೊದಲು ಹೊಗೆಯಂಥ ಎಳೆ, ಅದರ ಹಿಂದೆಯೇ ಕಪ್ಪು ಕಣಗಳು ಬರುವುದು ಕಾಣುತ್ತದೆ. ಎಳೆ ಕತ್ತಿಗೆ ಮುಟ್ಟಿದ ಕ್ಷಣ ಕೈ ಎತ್ತಿ. ಬೋರ್ಡೊ ಬಾಟಲಿಯ ಹೆಗಲು ಚೌಕವಾಗಿರುವುದರಿಂದ ಗಸಿ ಅಲ್ಲಿ ತುಸು ತಡೆಯುತ್ತದೆ. ಬರ್ಗಂಡಿ ಬಾಟಲಿಯ ಹೆಗಲು ಇಳಿಜಾರು, ಅಲ್ಲಿ ಯಾವ ಮುನ್ಸೂಚನೆಯೂ ಇಲ್ಲದೆ ಜಾರಿಬಿಡುತ್ತದೆ. ಬಾಟಲಿಯಲ್ಲಿ 40–50 ಮಿ.ಲೀ. ಉಳಿಯುತ್ತದೆ, ಉಳಿಯಲಿ. ಅಷ್ಟಕ್ಕೆ ಜಿಪುಣತನ ಮಾಡಿದರೆ ಉಳಿದ 700 ಮಿ.ಲೀ. ಕದಡುತ್ತದೆ. ಕಾಫಿ ಫಿಲ್ಟರ್ ಕಾಗದದಲ್ಲಿ ಸೋಸುವವರಿದ್ದಾರೆ. ಕಾಗದದ ವಾಸನೆ ವೈನಿಗೆ ಬರಬಹುದು, ಆದ್ದರಿಂದ ನನಗದು ಒಪ್ಪಿಗೆಯಿಲ್ಲ. ಸ್ಟೀಲ್ ಜಾಲರಿಯಲ್ಲಿ ಕಾರ್ಕ್ ಚೂರು ಸಿಗುತ್ತದೆಯೇ ಹೊರತು ನಯವಾದ ಗಸಿ ಸಿಗುವುದಿಲ್ಲ.

ಬಗ್ಗಿಸಿದ ತಕ್ಷಣ ಗ್ಲಾಸಿಗೆ. ಹಳೆಯ ವೈನಿನ ಪರಿಮಳ ಬಹಳ ಹಗುರ. ಕೆಲವು ಬಾಟಲಿಗಳು ಇಪ್ಪತ್ತು ಮೂವತ್ತು ನಿಮಿಷದಲ್ಲಿ ಪೂರ್ತಿ ಸೊರಗಿಬಿಡುತ್ತವೆ, ಹಣ್ಣಿನ ವಾಸನೆ ಹೋಗಿ ಹುಳಿಯಷ್ಟೇ ಉಳಿಯುತ್ತದೆ. ಬೋರ್ಡೊದ ಪ್ರಸಿದ್ಧ ವೈನ್ ತಜ್ಞ ಎಮಿಲ್ ಪೆನೊ ಹೇಳುತ್ತಿದ್ದುದೂ ಇದೇ: ಗಸಿ ಇದ್ದರೆ ಮಾತ್ರ ಡಿಕ್ಯಾಂಟ್ ಮಾಡಿ, ಅದನ್ನೂ ಬಡಿಸುವ ಕೊನೆಯ ಗಳಿಗೆಯಲ್ಲಿ ಮಾಡಿ. ಪರಿಮಳ ಮುಚ್ಚಿಕೊಂಡಿದೆ ಅನಿಸಿದರೂ ಚಿಂತೆಯಿಲ್ಲ, ಗ್ಲಾಸಿನಲ್ಲೇ ಅರಳುತ್ತದೆ. ಗ್ಲಾಸಿನಲ್ಲಿ ಗಾಳಿ ತಾಗಿಸುವುದು ಯಾವಾಗಲೂ ಸಾಧ್ಯ, ತಾಗಿದ ಗಾಳಿಯನ್ನು ವಾಪಸು ತೆಗೆಯುವುದು ಸಾಧ್ಯವಿಲ್ಲ.

ಆದರೆ ಎಳೆಯ ವೈನಿನ ವಿಷಯದಲ್ಲಿ ನಾನು ಪೆನೊ ಮಾತನ್ನು ಪೂರ್ತಿ ಒಪ್ಪುವವನಲ್ಲ. ಗಾಳಿಗೆ ಒಡ್ಡುವುದರಿಂದ ಲಾಭವಿರುವುದು ದೋಷವಿರುವ ವೈನಿಗೆ ಮಾತ್ರ ಎಂಬುದು ಅವರ ನಿಲುವು. ಎಳೆಯ ಬರೋಲೊ, ಟನಾ ತಳಿಯ ಮ್ಯಾಡಿರನ್, ಅಥವಾ ನಮ್ಮದೇ ನಂದಿ ಬೆಟ್ಟದ ತಪ್ಪಲಿನ, ಹಂಪಿ ಸೀಮೆಯ ಎಳೆಯ ಕ್ಯಾಬರ್ನೆ ಕುಡಿದವರಿಗೆ ಒಂದು ಗಂಟೆಯ ನಂತರದ ವ್ಯತ್ಯಾಸ ಗೊತ್ತಾಗುತ್ತದೆ. ಅದಕ್ಕೆ ಕೊಡುವ ವಿವರಣೆ ಮಾತ್ರ ಬಹುಪಾಲು ತಪ್ಪು. "ಗಾಳಿ ತಾಗಿ ಟ್ಯಾನಿನ್ ಮೆತ್ತಗಾಯಿತು" ಅನ್ನುತ್ತಾರೆ. ವರ್ಷಗಳು ಹಿಡಿಯುವ ಕೆಲಸ ಎರಡು ಗಂಟೆಯಲ್ಲಿ ಆಗುವುದಿಲ್ಲ. ಆಗುವುದು ಬೇರೆ: ಕರಗಿದ್ದ ಇಂಗಾಲದ ಡೈ ಆಕ್ಸೈಡ್ ಹೊರಟುಹೋಗುತ್ತದೆ, ಗಂಧಕದ ಮುಗ್ಗಲು ವಾಸನೆ ಆರುತ್ತದೆ, ಅದರಡಿ ಅಡಗಿದ್ದ ಹಣ್ಣಿನ ಪರಿಮಳ ಮೇಲೆ ಬರುತ್ತದೆ. ಹಣ್ಣು ಎದ್ದು ಕಂಡಾಗ ಒಗರು ಹಿಂದೆ ಸರಿದಂತೆ ಭಾಸವಾಗುತ್ತದೆ. ನಿಜಕ್ಕೂ ಒಗರು ಇಳಿಯಬೇಕೆಂದರೆ ಡಿಕ್ಯಾಂಟರಿಗಿಂತ ಒಂದು ತಟ್ಟೆ ಮಟನ್ ಹೆಚ್ಚು ಕೆಲಸ ಮಾಡುತ್ತದೆ, ಮಾಂಸದ ಪ್ರೋಟೀನು ಟ್ಯಾನಿನ್ನನ್ನು ಹಿಡಿದುಕೊಳ್ಳುತ್ತದೆ.

ಬರೀ ಕಾರ್ಕ್ ತೆಗೆದು ಬಾಟಲಿಯನ್ನು ಹಾಗೇ ಇಡುವುದರಿಂದ ಹೆಚ್ಚೇನೂ ಪ್ರಯೋಜನವಿಲ್ಲ. ಲೆಕ್ಕ ಹಾಕಿ: ಕತ್ತಿನ ಒಳ ಅಗಲ ಎರಡು ಸೆಂ.ಮೀ.ಗೂ ಕಡಿಮೆ, ಗಾಳಿಗೆ ತೆರೆದಿರುವುದು ಮೂರು ಚದರ ಸೆಂ.ಮೀ.ಗಿಂತ ಕಡಿಮೆ. 18 ಸೆಂ.ಮೀ. ಅಗಲಕ್ಕೆ ಹರಡುವ ಡಿಕ್ಯಾಂಟರಿನಲ್ಲಿ ಅದು ಸುಮಾರು 250 ಚದರ ಸೆಂ.ಮೀ., ತೊಂಬತ್ತು ಪಟ್ಟಿನ ಆಸುಪಾಸು. ಅದಕ್ಕಿಂತ ಹೆಚ್ಚಾಗಿ, ಸುರಿಯುವಾಗಲೇ ಬಹಳಷ್ಟು ಗಾಳಿ ಬೆರೆಯುತ್ತದೆ. ಹಾಗಾಗಿ ಎಳೆಯ ವೈನನ್ನು ಎತ್ತರದಿಂದ, ದಪ್ಪ ಧಾರೆಯಲ್ಲಿ, ನೊರೆ ಏಳುವ ಹಾಗೆ ಸುರಿಯಬೇಕು, ಕಾಫಿ ಎತ್ತಿ ಹೊಯ್ಯುವ ಧಾಟಿಯಲ್ಲಿ. ಮೇಣದಬತ್ತಿ, ಟಾರ್ಚ್ ಯಾವುದೂ ಬೇಡ. ಅಗಲವಾದ ಡಿಕ್ಯಾಂಟರ್ ಇಲ್ಲದಿದ್ದರೆ ಗಾಜಿನ ನೀರಿನ ಜಗ್ಗೂ ನಡೆಯುತ್ತದೆ.

ಎಷ್ಟು ಹೊತ್ತು? ಗಡಿಯಾರಕ್ಕಿಂತ ನಾಲಿಗೆಯನ್ನು ನಂಬಿ. ಮೂರು ವರ್ಷದ ಕ್ಯಾಬರ್ನೆ ಅಂದರೆ, ಬಾಟಲಿಯಲ್ಲಿ ಒಂದು ಗ್ಲಾಸಿನಷ್ಟು ಉಳಿಸಿ ಮುಚ್ಚಿಡಿ, ಉಳಿದದ್ದನ್ನು ಸುರಿಯಿರಿ. ಅರ್ಧ ಗಂಟೆಗೊಮ್ಮೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಬದಲಾವಣೆ ಕಾಣುತ್ತದೆ. ಎಳೆಯ ಬರೋಲೊಗೆ ಎರಡು ಮೂರು ಗಂಟೆ ಬೇಕಾಗಬಹುದು. ಪರಿಮಳ ಏರುವುದು ನಿಂತ ಹೊತ್ತೇ ಕುಡಿಯುವ ಹೊತ್ತು. ನಮ್ಮ ಕಡೆ ಇನ್ನೊಂದು ತೊಡಕು ಸೆಕೆ. ಏಪ್ರಿಲ್ ತಿಂಗಳಲ್ಲಿ ಹಾಲ್‌ನಲ್ಲಿ 30 ಡಿಗ್ರಿ ಇರುವಾಗ ಎರಡು ಗಂಟೆ ಇಟ್ಟರೆ ಮೇಲೇಳುವುದು ಹಣ್ಣಲ್ಲ, ಸ್ಪಿರಿಟ್ ಘಾಟು. ಸುರಿಯುವ ಮುಂಚೆ ಬಾಟಲಿಯನ್ನು ಫ್ರಿಜ್‌ನಲ್ಲಿಟ್ಟು 14 ಡಿಗ್ರಿಗೆ ಇಳಿಸಿ, ಗ್ಲಾಸಿಗೆ ಬರುವಾಗ 18 ದಾಟದಂತೆ ನೋಡಿಕೊಳ್ಳಿ. ಬಿಸಿಯಾಯಿತು ಅನಿಸಿದರೆ ಡಿಕ್ಯಾಂಟರನ್ನೇ ಐಸ್ ನೀರಿನ ಬೋಗುಣಿಯಲ್ಲಿ ಐದು ನಿಮಿಷ ಕೂರಿಸಬಹುದು.

ಎರಡೂ ಕೆಲಸ ಬೇಕಾದ ಬಾಟಲಿಗಳೂ ಉಂಟು. ವಿಂಟೇಜ್ ಪೋರ್ಟ್ ಅದಕ್ಕೆ ಒಳ್ಳೆಯ ಉದಾಹರಣೆ. ಸುಗ್ಗಿಯಾದ ಎರಡು ಮೂರು ವರ್ಷದೊಳಗೆ ಸೋಸದೆ ಬಾಟಲಿಗೆ ತುಂಬುವುದರಿಂದ ಗಸಿ ದಪ್ಪವಾಗಿ ಕಟ್ಟುತ್ತದೆ. ಸಕ್ಕರೆ, ಸ್ಪಿರಿಟ್ ಎರಡೂ ಇರುವ ಗಟ್ಟಿ ಕುಳ, ಗಾಳಿಗೆ ಬೇಗ ಹೆದರುವುದಿಲ್ಲ. 2000ದ ಪೋರ್ಟ್ ಅನ್ನು ಬೆಳಕಿಟ್ಟು ನಿಧಾನ ಬಗ್ಗಿಸಿ, ಆಮೇಲೆ ಎರಡು ಮೂರು ಗಂಟೆ ಬಿಟ್ಟರೆ ಅದಕ್ಕೆ ಒಳ್ಳೆಯದೇ. ಟಾನಿ ಪೋರ್ಟ್‌ಗೆ ಎರಡೂ ಬೇಡ, ಅದರ ಗಸಿಯೆಲ್ಲ ಪೀಪಾಯಿಯಲ್ಲೇ ಉಳಿದಿರುತ್ತದೆ.

ಗಾಳಿಯಿಂದ ಸರಿಹೋಗುವ ದೋಷ, ಹೋಗದ ದೋಷ ಯಾವುದು ಅಂತಲೂ ತಿಳಿದಿರಲಿ. ಕೊಳೆತ ಮೊಟ್ಟೆ ಅಥವಾ ಬೆಂಕಿಕಡ್ಡಿ ಗೀರಿದ ವಾಸನೆ ಬಂದರೆ ಗಾಬರಿ ಬೇಡ, ತಿರುಪು ಮುಚ್ಚಳದ ಬಾಟಲಿಗಳಲ್ಲಿ ಇದು ಆಗಾಗ ಸಿಗುತ್ತದೆ. ಚೆನ್ನಾಗಿ ಹೊಯ್ದರೆ ಬಹುಮಟ್ಟಿಗೆ ಹೋಗುತ್ತದೆ. ಒದ್ದೆ ರಟ್ಟಿನ, ಬೂಷ್ಟು ಹಿಡಿದ ಗೋಣಿಯ ವಾಸನೆ ಬಂದರೆ ಅದು ಕಾರ್ಕ್ ದೋಷ. ಅದಕ್ಕೆ ಗಾಳಿ ಕೊಟ್ಟಷ್ಟೂ ಇನ್ನಷ್ಟು ಎದ್ದು ಕಾಣುತ್ತದೆ, ಬಾಟಲಿ ವಾಪಸು ಕೊಡುವುದೊಂದೇ ದಾರಿ. ಮೊದಲ ಗುಟುಕನ್ನು ಸುರಿಯುವ ಮುಂಚೆಯೇ ನೋಡಿ ಅಂದದ್ದು ಇದಕ್ಕೂ ಸೇರಿಸಿ.

ಹಾಂ, ಡಿಕ್ಯಾಂಟರನ್ನೂ ಮೂಸಿ ನೋಡಿ. ಬೀರುವಿನಲ್ಲಿ ತಿಂಗಳುಗಟ್ಟಲೆ ಕೂತಿದ್ದರೆ ಮುಗ್ಗಲು ಹಿಡಿದಿರುತ್ತದೆ. ಸೋಪು ಹಾಕಬೇಡಿ, ಸಣ್ಣ ಕತ್ತಿನೊಳಗಿಂದ ಅದರ ವಾಸನೆ ಹೋಗುವುದೇ ಇಲ್ಲ. ಬೋರ್‌ವೆಲ್ ನೀರಿನ ಬಿಳಿ ಕಲೆ ಕಟ್ಟಿದ್ದರೆ ಸ್ವಲ್ಪ ವಿನೆಗರ್, ಒಂದು ಹಿಡಿ ಹಸಿ ಅಕ್ಕಿ ಹಾಕಿ ಕುಲುಕಿ, ಫಿಲ್ಟರ್ ನೀರಿನಲ್ಲಿ ಎರಡು ಮೂರು ಸಲ ತೊಳೆದು, ತಲೆಕೆಳಗಾಗಿ ಒಣಗಿಸಿ. ಸುರಿಯುವ ಮುನ್ನ ಅದೇ ವೈನಿನ ಒಂದು ಚಮಚ ಹಾಕಿ ಒಳಗೆಲ್ಲ ಆಡಿಸಿ ಚೆಲ್ಲಿದರೆ ಸಾಕು.