ನೀರಿನ ಸಂಪ್‌ಗೆ ಅಡ್ಡ ನಿಂತ ಕಾರು: ನಮ್ಮ ಫ್ಲ್ಯಾಟಿನವರಿಗೆ ಸೆಕ್ರೆಟರಿಯ ಪತ್ರ

ಎಲ್ಲರಿಗೂ ನಮಸ್ಕಾರ. ನಮ್ಮ ಅಪಾರ್ಟ್‌ಮೆಂಟಿನವರಿಗೆ ಬರೆದ ಪತ್ರವನ್ನು ಇಲ್ಲೂ ಹಾಕುತ್ತಿದ್ದೇನೆ. ಮಂಗಳೂರಿನ ಬೇರೆ ಫ್ಲ್ಯಾಟುಗಳಲ್ಲೂ ಕಾರು ನಿಲ್ಲಿಸುವ ಈ ಜಗಳ ಉಂಟು.

ಸೋಮವಾರ ಬೆಳಿಗ್ಗೆ ಆರೂಕಾಲಕ್ಕೆ ನೀರಿನ ಟ್ಯಾಂಕರ್ ಬಂತು. ಸಂಪ್‌ಗೆ ಅಡ್ಡವಾಗಿ ಒಂದು ಬೂದು ಬಣ್ಣದ ಕಾರು ನಿಂತಿತ್ತು. ಪೈಪ್ ಎಷ್ಟು ಎಳೆದರೂ ಮುಟ್ಟಲಿಲ್ಲ. 40 ನಿಮಿಷ ಕಾದು ಟ್ಯಾಂಕರಿನವರು ಮುಂದಿನ ಮನೆಗೆ ಹೋದರು. ಎರಡನೇ ಮಹಡಿಯ ಅಜ್ಜಿಯ ಸ್ನಾನಕ್ಕೆ ಪಕ್ಕದ ಮನೆಯ ಬಾವಿಯಿಂದ ಕೊಡಪಾನದಲ್ಲಿ ನೀರು ತರಬೇಕಾಯಿತು.

ಹಿಂದಿನ ದಿನ ಒಬ್ಬರ ಮನೆಯಲ್ಲಿ ಮೆಹೆಂದಿ ಇತ್ತಲ್ವಾ, ಅವರ ನೆಂಟರ ಕಾರು ಅಂತ ಎಲ್ಲರೂ ರೇಗಿದರು. ನಾನು ಹತ್ತಿರ ಹೋಗಿ ನೋಡಿದೆ. ಗಾಜಿನ ಮೇಲೆ ದಪ್ಪ ಧೂಳು. ವೈಪರ್ ಸಂದಿಯಲ್ಲಿ ಒಣಗಿದ ಮಾವಿನೆಲೆ. ನಿನ್ನೆ ಬಂದ ಕಾರು ಹೀಗಿರುವುದಿಲ್ಲ. ವಿಚಾರಿಸಿದರೆ ಅದು ನಮ್ಮವರದ್ದೇ ಎರಡನೇ ಕಾರು. ಮಾಲೀಕರು ಬೆಂಗಳೂರಿನಲ್ಲಿ, ಕೀ ಅವರ ಜೇಬಿನಲ್ಲಿ. ನೆಂಟರಿಗೆ ಅಂತ ಇಟ್ಟ ನಾಲ್ಕು ಜಾಗಗಳಲ್ಲಿ ಎರಡನ್ನು ಹೀಗೆ ನಾವೇ ತುಂಬಿದ್ದೇವೆ. ಮೆಹೆಂದಿ ಮನೆಯವರನ್ನು ಸುಮ್ನೆ ಬೈದದ್ದು ತಪ್ಪು. ಅವರ ಕ್ಷಮೆ ಕೇಳಿದ್ದೇನೆ.

"ಕ್ರೇನ್ ಕರೆಸಿ ಎತ್ತಿಸಿ" ಅಂತ ಹಲವರು ಅಂದರು. ನಾನು ಒಪ್ಪಲಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 127ನೇ ಸೆಕ್ಷನ್ ಪ್ರಕಾರ ವಾಹನ ಎತ್ತಿಸುವ ಅಧಿಕಾರ ಇರುವುದು ಸಮವಸ್ತ್ರದಲ್ಲಿರುವ ಪೊಲೀಸರಿಗೆ, ಅದೂ ಸಾರ್ವಜನಿಕ ಜಾಗದಲ್ಲಿ. ಗೇಟಿನ ಹೊರಗೆ ರಸ್ತೆಗೆ ಅಡ್ಡ ನಿಂತರೆ ಪೊಲೀಸರಿಗೆ ಫೋನ್ ಮಾಡಬಹುದು. ನಮ್ಮ ಕಾಂಪೌಂಡ್ ಒಳಗೆ ಆ ಸೆಕ್ಷನ್ ಹೆಸರು ಹೇಳಿ ಸೆಕ್ರೆಟರಿ ಕಾರು ಎತ್ತಿಸುವ ಹಾಗಿಲ್ಲ. ಬಂಪರ್ ಮುರಿದರೆ ಹಣ ಕೇಳುವುದು ನಮ್ಮ ಹತ್ತಿರವೇ.

ಇನ್ನೊಂದು ವಿಷಯ. ಆಟೋಮ್ಯಾಟಿಕ್ ಗೇರಿನ ಕಾರುಗಳು ಈಗ ಜಾಸ್ತಿ. ಮುಂದಿನ ಚಕ್ರಕ್ಕೆ ಎಂಜಿನ್ ಶಕ್ತಿ ಹೋಗುವ ಅಂಥ ಕಾರನ್ನು ಹಿಂದಿನಿಂದ ಎತ್ತಿ, ಮುಂದಿನ ಚಕ್ರ ನೆಲದ ಮೇಲೆ ಎಳೆದರೆ ಗೇರ್‌ಬಾಕ್ಸೇ ಹಾಳಾಗಬಹುದು. ಕೀ ಇಲ್ಲದ ಕಾರನ್ನು ಪೂರ್ತಿ ಮೇಲೇರಿಸಿಕೊಂಡು ಹೋಗುವ ಗಾಡಿಯೇ ಬೇಕು. ನಮ್ಮ ಗೇಟಿನಲ್ಲಿ ಅದು ತಿರುಗುವುದಿಲ್ಲ.

ಹಾಗಾಗಿ ಬರುವ ಭಾನುವಾರದ ಸಭೆಯಲ್ಲಿ ನಿಯಮ ಮಾಡಿ ಬೈಲಾಕ್ಕೆ ಸೇರಿಸೋಣ. ವಾಚ್‌ಮನ್ ಪುಸ್ತಕದಲ್ಲಿ ಕಾರಿನ ನಂಬರಿನ ಜೊತೆ ಫ್ಲ್ಯಾಟ್ ನಂಬರ್, ಫೋನ್ ನಂಬರ್ ಬರೆಸಬೇಕು. ನೆಂಟರು ರಾತ್ರಿ ಉಳಿಯುವುದಾದರೆ ಕೀ ಆ ಮನೆಯಲ್ಲೇ ಇರಬೇಕು. ಅಡ್ಡ ನಿಂತ ಕಾರಿಗೆ ಮೊದಲು ಫೋನ್, ಆಮೇಲೆ ಚೀಟಿ, ನಾಲ್ಕೂ ಕಡೆಯಿಂದ ಫೋಟೋ. ಆಗಲೂ ತೆಗೆಯದಿದ್ದರೆ, ವಾಪಸ್ ಹೋದ ಟ್ಯಾಂಕರಿನ ಬಾಡಿಗೆ ಆ ಫ್ಲ್ಯಾಟಿನ ಬಿಲ್ಲಿಗೆ ಬರಬೇಕು ಅನ್ನುವುದು ನನ್ನ ಅಭಿಪ್ರಾಯ. ಬೇರೆ ದಾರಿ ಇದ್ದರೆ ಸಭೆಯಲ್ಲಿ ಹೇಳಿ.

ಶನಿವಾರ ಸಂಪಿನ ಸುತ್ತ ಹಳದಿ ಬಣ್ಣ ಬಳಿಸುತ್ತೇವೆ. ಎರಡನೇ ಕಾರು ಇಟ್ಟ ಇಬ್ಬರೂ ಶುಕ್ರವಾರ ರಾತ್ರಿಯೊಳಗೆ ತೆಗೆಯಬೇಕಾಗಿ ಕೇಳಿಕೊಳ್ಳುತ್ತೇನೆ.