ಕೈಗುಣ, ಕಿವಿಗುಣ

ನಮ್ಮ ತುಮಕೂರಿನಲ್ಲಿ ಡಾಕ್ಟರಿಗೆ ಮಾರ್ಕ್ಸು ಹಾಕುವುದು ಒಂದೇ ಸಬ್ಜೆಕ್ಟಿಗೆ: ಕೈಗುಣ. ಜ್ವರ ಬಿಟ್ಟರೆ ಕೈಗುಣ ಉಂಟು, ಬಿಡದಿದ್ದರೆ ಇಲ್ಲ. ಹೋದ ವರ್ಷ ನನ್ನ ನೆಗಡಿ ನಾಲ್ಕೇ ದಿನಕ್ಕೆ ಹೋಯಿತೆಂದು ಒಬ್ಬ ಡಾಕ್ಟರನ್ನು ನಾನೇ ಬೀದಿಯಿಡೀ ಹೊಗಳಿಕೊಂಡು ತಿರುಗಿದೆ. ಅವರು ತಲೆಯೆತ್ತಿ ನನ್ನ ಮುಖ ನೋಡಿದ್ದು ಫೀಸು ಇಸಿದುಕೊಳ್ಳುವಾಗ ಮಾತ್ರ. ನೆಗಡಿಗೆ ಹೊರಡುವ ಹೊತ್ತಾಗಿತ್ತು, ಹೆಸರು ಅವರಿಗೆ ಬಂತು.

ಈ ಸಲದ್ದು ಒಣಕೆಮ್ಮು. ಮೂರು ವಾರದಿಂದ ಗಂಟಲಲ್ಲಿ ಯಾರೋ ನವಿಲುಗರಿ ಆಡಿಸಿದ ಹಾಗೆ. ಒಂದು ಬಾಟಲಿ ಸಿರಪ್ಪು, ಐದು ದಿನದ ಆ್ಯಂಟಿಬಯಾಟಿಕ್ ಮುಗಿದರೂ ಕೆಮ್ಮು ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಪಕ್ಕದ ಬಡಾವಣೆಯ ಇನ್ನೊಂದು ಕ್ಲಿನಿಕ್ಕಿಗೆ ಹೋದೆ.

ಟೋಕನ್ 12. ಆರು ಗಂಟೆಗೆ ಬರಬೇಕಿದ್ದ ಡಾಕ್ಟರು ಬಂದದ್ದು ಆರೂವರೆಗೆ. ನಾನು ಒಳಗೆ ಹೋದಾಗ ಗೋಡೆ ಗಡಿಯಾರದಲ್ಲಿ ಏಳು ಮುಕ್ಕಾಲು. ಒಂದೂ ಮುಕ್ಕಾಲು ಗಂಟೆ ಕಾಯಿಸಿದರೆಂದು ಹೊರಗೆ ಕೂತು ಕುದಿಯುತ್ತಿದ್ದೆ. ಆಮೇಲೆ ಲೆಕ್ಕ ಬಿಡಿಸಿ ನೋಡಿದರೆ ಅದರಲ್ಲಿ ಎರಡು ಬಾಬ್ತು. ಮೊದಲ ಅರ್ಧ ಗಂಟೆ ಡಾಕ್ಟರ ತಪ್ಪು. ತಡವಾಗುತ್ತದೆಂದು ಕಾಂಪೌಂಡರಿಗೆ ಒಂದು ಫೋನು ಮಾಡಿದ್ದರೆ ನಾನು ಹೊರಗೆ ಹೋಗಿ ಒಂದು ತಟ್ಟೆ ಇಡ್ಲಿ ತಿಂದು ಬರುತ್ತಿದ್ದೆ. ಉಳಿದ ಎಪ್ಪತ್ತೈದು ನಿಮಿಷ ನನ್ನ ಮುಂದಿದ್ದ ಹನ್ನೊಂದು ಜನರದು, ತಲೆಗೆ ಏಳು ನಿಮಿಷದ ಹತ್ತಿರ. ಅದನ್ನು ತಪ್ಪು ಅನ್ನಲು ಬಾಯಿ ಬರಲಿಲ್ಲ. ಒಳಗೆ ಹೋದಮೇಲೆ ನನಗೂ ಅಷ್ಟೇ ಹೊತ್ತು ಸಿಕ್ಕಿತಲ್ಲ!

ರೋಗಿ ಬಾಯಿ ಬಿಟ್ಟ ಎಷ್ಟು ಹೊತ್ತಿಗೆ ಡಾಕ್ಟರು ನಡುವೆ ಬಾಯಿ ಹಾಕುತ್ತಾರೆ ಎಂದು ಅಮೆರಿಕದಲ್ಲಿ ಅಳೆದು ನೋಡಿದ್ದಾರೆ. 1984ರಲ್ಲಿ ಬಂದ ಆ ಅಧ್ಯಯನದ ಪ್ರಕಾರ ಸರಾಸರಿ 18 ಸೆಕೆಂಡು. ನನ್ನಂಥವನಿಗೆ 18 ಸೆಕೆಂಡಿನಲ್ಲಿ ಪೀಠಿಕೆಯೂ ಮುಗಿಯುವುದಿಲ್ಲ. ಈ ಡಾಕ್ಟರು ಪೆನ್ನು ಕೆಳಗಿಟ್ಟು ಕೇಳಿದರು. ಕೆಮ್ಮು, ರಾತ್ರಿ ನಿದ್ದೆ, ಹೆಂಡತಿಯ ಗೊಣಗಾಟ ಎಲ್ಲ ಮುಗಿಸಿ, ಏಳುವ ಮುಂಚೆ ಸುಮ್ಮನೆ ಬಾಯಿಗೆ ಬಂತು: "ಎರಡು ತಿಂಗಳಿಂದ ಬಿಪಿ ಮಾತ್ರೆ ಬೇರೆ ಶುರುವಾಗಿದೆ ಸಾರ್, ವಯಸ್ಸಾಯ್ತು ನೋಡಿ."

"ಯಾವುದು? ಸ್ಟ್ರಿಪ್ ಇದೆಯಾ?"

ಜೇಬಿನಲ್ಲಿತ್ತು. ಎನಾಲಾಪ್ರಿಲ್. ಅವರು ಸ್ಟ್ರಿಪ್ಪಿನ ಹಿಂಬದಿ ತಿರುಗಿಸಿ, ಹೆಸರಿನ ಮೇಲೆ ಬೆರಳಿಟ್ಟು ನನಗೇ ಓದಿಸಿದರು. ಈ ಜಾತಿಯ ಮಾತ್ರೆ ಬಿಪಿ ಇಳಿಸುತ್ತದೆ. ಜೊತೆಗೆ ಬ್ರಾಡಿಕೈನಿನ್ ಎಂಬ ಪದಾರ್ಥ ಮೈಯಲ್ಲಿ ಒಡೆಯದೆ ಉಳಿಯುವಂತೆಯೂ ಮಾಡುತ್ತದೆ, ಕೆಲವರಿಗೆ ಅದರಿಂದ ಗಂಟಲು ಕೆರೆದು ಒಣಕೆಮ್ಮು ಬರುತ್ತದೆ, ಅದಕ್ಕೆ ಸಿರಪ್ಪು ನಾಟುವುದಿಲ್ಲ ಎಂದರು. ಮಾತ್ರೆ ಬದಲಾಯಿಸಿ ಬರೆದರು. "ನೀವಾಗೇ ಹೇಳದೆ ಕೇಳದೆ ಬಿಪಿ ಮಾತ್ರೆ ನಿಲ್ಲಿಸ್ಬೇಡಿ" ಅಂತಲೂ ಅಂದರು.

ನನಗೆ ಹಿಡಿಸಿದ್ದು ಆಮೇಲಿನ ಮಾತು. "ಇದೇ ಕಾರಣ ಅಂತ ಗ್ಯಾರಂಟಿ ಕೊಡಲ್ಲ. ಎರಡು ವಾರ ದಾಟಿದ ಕೆಮ್ಮು ಅಂದ್ಮೇಲೆ ಟಿಬಿ ಇಲ್ಲ ಅಂತ ನೋಡ್ಕೋಬೇಕು, ಅದಕ್ಕೇ ಎಕ್ಸ್‌ರೇ. ಮಾತ್ರೆಯದ್ದೇ ಆದರೂ ನಾಳೆಗೇ ನಿಲ್ಲಲ್ಲ, ಒಂದರಿಂದ ನಾಲ್ಕು ವಾರ ಹಿಡೀಬಹುದು. ಕಫದಲ್ಲಿ ರಕ್ತ ಕಂಡ್ರೆ, ಜ್ವರ ಬಂದ್ರೆ ಕಾಯ್ಬೇಡಿ, ಬಂದ್ಬಿಡಿ. ತುಟಿ, ಮುಖ ಊದಿಕೊಂಡ್ರಂತೂ ಆ ಕ್ಷಣವೇ ಆಸ್ಪತ್ರೆಗೆ." ನಡುವೆ ಎರಡು ಸಲ ಮೊಬೈಲು ರಿಂಗಾಯಿತು. ಎರಡು ಸಲವೂ ಎತ್ತಿ ಮಾತಾಡಿದರು. ಅದು ಹಿಡಿಸಲಿಲ್ಲ.

ಎಕ್ಸ್‌ರೇ ಚೆನ್ನಾಗಿಯೇ ಬಂತು. ಆದರೆ ಇವತ್ತಿಗೆ ಹತ್ತು ದಿನ, ಕೆಮ್ಮು ಇದ್ದಲ್ಲೇ ಇದೆ. "ಅವರಿಗೆ ಕೈಗುಣ ಇಲ್ಲ ಬಿಡ್ರೀ" ಎಂದು ಮನೆಯವಳು ತೀರ್ಪು ಕೊಟ್ಟಾಯಿತು. ಕ್ಲಿನಿಕ್ಕಿನ ಬಗ್ಗೆ ಆನ್‌ಲೈನ್ ರಿವ್ಯೂವನ್ನು ಕೆಮ್ಮು ನಿಂತಮೇಲೆ ಬರೆದರೆ ನಾನೂ ಹೋದ ವರ್ಷದ ಹಾಗೆ ಕುರುಡು ಹೊಗಳಿಕೆ ಬರೆಯುತ್ತೇನೆ, ನಿಲ್ಲದಿದ್ದರೆ ಕುರುಡು ಬೈಗುಳ. ಅದಕ್ಕೇ ಫಲಿತಾಂಶ ಬರುವ ಮುಂಚೆಯೇ, ಇವತ್ತು ಬೆಳಗ್ಗೆ, ಮೊಬೈಲು ಹಿಡಿದು ಕೂತೆ:

"ಸೋಮವಾರ ಸಂಜೆ ಹೋಗಿದ್ದೆ. ಡಾಕ್ಟರು ಅರ್ಧ ಗಂಟೆ ತಡ, ಯಾರೂ ತಿಳಿಸಲಿಲ್ಲ. ಟೋಕನ್ 12ಕ್ಕೆ ಅವರು ಬಂದಮೇಲೆ 75 ನಿಮಿಷ ಕಾಯಬೇಕಾಯಿತು. ಪೂರ್ತಿ ಕೇಳಿಸಿಕೊಳ್ಳುತ್ತಾರೆ, ಈಗಾಗಲೇ ತೆಗೆದುಕೊಳ್ಳುತ್ತಿರುವ ಮಾತ್ರೆ ನೋಡುತ್ತಾರೆ. ಟೆಸ್ಟು ಯಾಕೆ, ವಾಸಿಯಾಗಲು ಎಷ್ಟು ದಿನ, ಯಾವಾಗ ವಾಪಸು ಬರಬೇಕು ಎಂದು ಹೇಳುತ್ತಾರೆ. ನಡುವೆ ಫೋನು ಎತ್ತುತ್ತಾರೆ. ಕಾಯಿಲೆ ಇನ್ನೂ ವಾಸಿಯಾಗಿಲ್ಲ, ಅವರು ಹೇಳಿದ ಗಡುವೂ ಮುಗಿದಿಲ್ಲ."

ಯಾವ ಕಾಯಿಲೆ ಎಂದು ಬರೆಯಲಿಲ್ಲ. ಕೆಮ್ಮು ಅಂದರೆ ನಾಳೆ ಬೀದಿಯವರೆಲ್ಲ ಕಷಾಯ ಹಿಡಿದು ಬಂದಾರು.

ನಾಲ್ಕು ಸ್ಟಾರ್ ಒತ್ತಿದೆ. ಹಿಂದಿನಿಂದ ಬಗ್ಗಿ ನೋಡಿದ ಮನೆಯವಳು, "ನಾಲ್ಕಾ? ಯಾವ ಪುರುಷಾರ್ಥಕ್ಕೆ?" ಎಂದಳು. ಉತ್ತರ ಕೊಡೋಣವೆಂದು ಬಾಯಿ ತೆರೆದೆ. ಕೆಮ್ಮು ಬಂತು.