ಗ್ರೀನ್ ಟೀಗೆ ಸನ್ಮಾನ

ಡಬ್ಬದ ಮೇಲೆ ಹೃದಯದ ಚಿತ್ರ ಬಂದಮೇಲೆ ಗ್ರೀನ್ ಟೀ ಕುಡಿಯುವವರ ಮುಖದ ಕಳೆಯೇ ಬದಲಾಗಿದೆ. ಕಹಿ ಇದೆ, ಒಗರೂ ಇದೆ, ಅಂದಮೇಲೆ ಒಳಗೆ ಏನೋ ಕರಗುತ್ತಿರಲೇಬೇಕು. ಏನು ಎಂದರೆ ‘ಕೊಲೆಸ್ಟ್ರಾಲ್’ ಎನ್ನುತ್ತಾರೆ. ಎಷ್ಟು ಎಂದು ಮಾತ್ರ ಕೇಳಬಾರದು. ಕೇಳಿದರೆ ನೀವು ಔಷಧ ಕಂಪನಿಯ ಏಜೆಂಟ್.

ಕೇಳೇಬಿಡೋಣ. ಹಲವು ಪ್ರಯೋಗಗಳನ್ನು ಒಟ್ಟು ಸೇರಿಸಿ ಲೆಕ್ಕ ಹಾಕಿದವರಿಗೆ ಸಿಕ್ಕಿದ್ದು ಎಲ್‌ಡಿಎಲ್ ಎಂಬ ‘ಕೆಟ್ಟ’ ಕೊಲೆಸ್ಟ್ರಾಲ್‌ನಲ್ಲಿ ಡೆಸಿಲೀಟರ್ ರಕ್ತಕ್ಕೆ ಸುಮಾರು 2ರಿಂದ 5 ಮಿಲಿಗ್ರಾಂ ಇಳಿಕೆ. ಅಂದರೆ ಎಲ್‌ಡಿಎಲ್ 160 ಇದ್ದವರಿಗೆ 156 ಆಗಬಹುದು. ಟೀಯಲ್ಲಿರುವ ಕ್ಯಾಟೆಚಿನ್‌ಗಳು ಕರುಳಿನಲ್ಲಿ ಕೊಲೆಸ್ಟ್ರಾಲ್ ಹೀರಿಕೊಳ್ಳುವುದಕ್ಕೆ ಸ್ವಲ್ಪ ಅಡ್ಡಿ ಮಾಡುತ್ತವೆ. ಹಾಗಾಗಿ ‘ವೈಜ್ಞಾನಿಕವಾಗಿ ಸಾಬೀತಾಗಿದೆ’ ಎಂಬ ಮಾತು ಸುಳ್ಳಲ್ಲ. ಪಾಪ, ಆ 4 ಎಂಬ ಅಂಕಿ ಹಾಕಲು ಡಬ್ಬದಲ್ಲಿ ಜಾಗ ಸಾಲಲಿಲ್ಲ ಅಷ್ಟೆ.

ಇನ್ನೊಂದು ತಮಾಷೆ ಇದೆ. ಏನನ್ನೂ ಬದಲಾಯಿಸದೆ ಸುಮ್ನೆ ಕೂತಿದ್ದರೂ ಒಬ್ಬರ ಎಲ್‌ಡಿಎಲ್ ಒಂದು ಪರೀಕ್ಷೆಯಿಂದ ಇನ್ನೊಂದಕ್ಕೆ ಶೇ. 8–10ರಷ್ಟು ಏರಿಳಿಯುತ್ತದೆ. ಇವತ್ತಿನ 160 ಮುಂದಿನ ಸಲ 150 ಆಗಬಹುದು, 170 ಕೂಡ ಆಗಬಹುದು. ಈ ಗದ್ದಲದಲ್ಲಿ 4 ಅಂಕಿಯ ಇಳಿಕೆಯನ್ನು ಒಬ್ಬರ ರಿಪೋರ್ಟಿನಲ್ಲಿ ಗುರುತಿಸಲು ಆಗುವುದೇ ಇಲ್ಲ. ಟೀ ಕುಡಿದ ನೂರಾರು ಜನರ ಸರಾಸರಿಯನ್ನು ಕುಡಿಯದವರ ಸರಾಸರಿಯ ಪಕ್ಕ ಇಟ್ಟಾಗಷ್ಟೇ ಅದು ಕಾಣುತ್ತದೆ.

ಒಬ್ಬ ಕಲ್ಪಿತ ಮಹಾಶಯರನ್ನು ಇಟ್ಟುಕೊಳ್ಳಿ. ಎಲ್‌ಡಿಎಲ್ 160. ಡಾಕ್ಟರು ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಬರೆದುಕೊಟ್ಟರು. ಮಹಾಶಯರು ಅದೇ ದಿನ ಗ್ರೀನ್ ಟೀಯನ್ನೂ ಶುರುಮಾಡಿದರು. ಎರಡು ತಿಂಗಳ ನಂತರ 102. ಮಧ್ಯಮ ಪ್ರಮಾಣದ ಸ್ಟ್ಯಾಟಿನ್ ಸಾಮಾನ್ಯವಾಗಿ ಶೇ. 30ರಿಂದ 49ರಷ್ಟು ಇಳಿಸುತ್ತದೆ, ಇಳಿಸಿತು. ಆದರೆ ಸನ್ಮಾನ ಯಾರಿಗೆ? ಗ್ರೀನ್ ಟೀಗೆ! ಬೇರೆಯವರು ಕಟ್ಟಿದ ಸೇತುವೆಗೆ ಬಂದು ರಿಬ್ಬನ್ ಕತ್ತರಿಸುವ ಗಣ್ಯರ ಹಾಗೆ. ‘ಟೀ ಇರುವಾಗ ಮಾತ್ರೆ ಯಾಕೆ?’ ಎಂದು ಮಾತ್ರೆ ನಿಂತಿತು. ಕೆಲವು ವಾರಗಳಲ್ಲಿ ಎಲ್‌ಡಿಎಲ್ ಹಳೆಯ ಜಾಗಕ್ಕೆ ವಾಪಸ್. ಮಹಾಶಯರ ತೀರ್ಮಾನ ಏನು ಗೊತ್ತೇ? ಟೀ ಪುಡಿ ನಕಲಿ.

ಈಗ ಅವರು ಪೆಕ್ಟಿನ್ ಕಡೆ ಬಂದಿದ್ದಾರೆ. ಇಲ್ಲಿ ನಾನು ಸ್ವಲ್ಪ ಮರ್ಯಾದೆಯಿಂದ ಮಾತಾಡಬೇಕು, ಯಾಕೆಂದರೆ ಪೆಕ್ಟಿನ್ ಕೆಲಸಗಾರ. ಹಣ್ಣಿನ ಈ ನಾರು ನೀರಿನಲ್ಲಿ ಕರಗಿ ಕರುಳಿನಲ್ಲಿ ಗಟ್ಟಿ ಲೋಳೆಯಾಗುತ್ತದೆ, ಪಿತ್ತದ ಆಮ್ಲಗಳನ್ನು ಹಿಡಿದು ಹೊರಗೆ ಸಾಗಿಸುತ್ತದೆ. ಹೊಸ ಪಿತ್ತ ತಯಾರಿಸಲು ಯಕೃತ್ತಿಗೆ ಕೊಲೆಸ್ಟ್ರಾಲ್ ಬೇಕು. ಅದು ರಕ್ತದಿಂದ ಎಲ್‌ಡಿಎಲ್ ಎಳೆದುಕೊಳ್ಳುತ್ತದೆ. ದಿನಕ್ಕೆ 6 ಗ್ರಾಂ ತೆಗೆದುಕೊಂಡರೆ ಶೇ. 6ರ ಆಸುಪಾಸು ಇಳಿಕೆ, ಅಂದರೆ 160ರಿಂದ ಸುಮಾರು 150. ಸ್ಟ್ಯಾಟಿನ್ ಡೋಸ್ ದುಪ್ಪಟ್ಟು ಮಾಡಿದರೆ ಹೆಚ್ಚುವರಿಯಾಗಿ ಸಿಗುವುದೂ ಸುಮಾರು ಅಷ್ಟೇ. ಕಮ್ಮಿ ಏನಲ್ಲ.

ಆದರೆ 6 ಗ್ರಾಂ ಅಲ್ವಾ, ಅಲ್ಲೇ ಇರುವುದು ಗೋಜಲು. ಒಂದು ಸೇಬಿನಲ್ಲಿ ಇರುವುದು ಒಂದು, ಒಂದೂವರೆ ಗ್ರಾಂ. 500 ಮಿಲಿಗ್ರಾಂ ಕ್ಯಾಪ್ಸೂಲ್ ಆದರೆ ದಿನಕ್ಕೆ ಹನ್ನೆರಡು ನುಂಗಬೇಕು. ಮಹಾಶಯರು ನುಂಗುವುದು ಒಂದು. ಜತೆಗೆ ಒಂದು ಲೋಟ ತಿಳಿಯಾದ ಸೇಬಿನ ಜ್ಯೂಸ್. ಜ್ಯೂಸ್ ತಿಳಿಯಾಗಲೆಂದು ಕಾರ್ಖಾನೆಯವರು ಪೆಕ್ಟಿನೇಸ್ ಎಂಬ ಕಿಣ್ವ ಹಾಕಿ ಪೆಕ್ಟಿನ್ ಅನ್ನೇ ಒಡೆದುಹಾಕಿರುತ್ತಾರೆ! ಇನ್ನು ‘ಮಾರ್ಪಡಿಸಿದ ಪೆಕ್ಟಿನ್’ ಎಂದು ದುಬಾರಿಗೆ ಮಾರುವುದಂತೂ ಸರಪಳಿ ತುಂಡಾದ ಮಾಲು. ಎಲ್‌ಡಿಎಲ್‌ಗೆ ಬೇಕಾಗಿದ್ದ ಲೋಳೆತನವೇ ಅದರಲ್ಲಿ ಕಮ್ಮಿ. ಓಟ್ಸ್‌ನ ಬೀಟಾ ಗ್ಲುಕಾನ್ ಎಂಬ ನಾರು 3 ಗ್ರಾಂ ಆದರೂ ಸರಿ, ಇಸಬ್‌ಗೋಲ್ ಆದರೂ ಸರಿ, ದಿನವೂ ಸಾಕಷ್ಟು ಪ್ರಮಾಣದಲ್ಲಿ ಹೊಟ್ಟೆಗೆ ಬಿದ್ದರೆ ಇದೇ ದಾರಿಯಲ್ಲಿ ಇಷ್ಟೇ ಫಲ. ಆದರೆ ಓಟ್ಸ್‌ಗೆ ಗಂಜಿಯ ಮುಖ ಇದೆ, ಪೋಸ್ಟರ್‌ನಲ್ಲಿ ಚೆನ್ನಾಗಿ ಬರುವುದಿಲ್ಲ.

‘ಕಪ್ಪಿಗೆ 4 ಅಂಕಿ ಅಂದರೆ ಸಾರ ಕುಡಿದರೆ 40’ ಎನ್ನುವುದು ಮಹಾಶಯರ ಹೊಸ ಗಣಿತ. ಗ್ರೀನ್ ಟೀ ಸಾರದ ಕ್ಯಾಪ್ಸೂಲ್ ತರಿಸಿದ್ದಾರೆ. ಆ ಸಾರದ ಮುಖ್ಯ ಕ್ಯಾಟೆಚಿನ್ ಇಜಿಸಿಜಿ. ಪೂರಕವಾಗಿ ದಿನಕ್ಕೆ 800 ಮಿಲಿಗ್ರಾಂ ಅಥವಾ ಹೆಚ್ಚು ತೆಗೆದುಕೊಂಡವರಲ್ಲಿ ಯಕೃತ್ತಿಗೆ ಏಟಾದ ಸುಳಿವು ಕೊಡುವ ಕಿಣ್ವಗಳು ರಕ್ತದಲ್ಲಿ ಏರಿದ್ದನ್ನು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲೇ ಹೇಳಿದೆ. ಕುದಿಸಿದ ಟೀಯ ಮೇಲೆ ಅಂಥ ದೂರು ತೀರಾ ವಿರಳ. ರಕ್ತದಿಂದ ಎಲ್‌ಡಿಎಲ್ ತೆಗೆಯುವುದು ಮುಖ್ಯವಾಗಿ ಅದೇ ಯಕೃತ್ತು ಎಂಬುದನ್ನು ಮಾತ್ರ ಯಾರೂ ಮಹಾಶಯರಿಗೆ ಹೇಳಿಲ್ಲ. ಹೊಸ ರಿಪೋರ್ಟಿನಲ್ಲಿ ಎಲ್‌ಡಿಎಲ್ 158, ಯಕೃತ್ತಿನ ಕಿಣ್ವ ಎಸ್‌ಜಿಪಿಟಿ ಮೂರು ಪಟ್ಟು. ಅದನ್ನು ಇಳಿಸಲು ಯಾವ ಟೀ ಒಳ್ಳೆಯದು ಎಂದು ಈಗ ಎಲ್ಲರನ್ನೂ ಕೇಳುತ್ತಿದ್ದಾರೆ.